ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ ‘ಡಿಡಂಟ್’, ‘ಕಿಡ್ಸ್’, ‘ಸ್ಟಫ್’: ಇವುಗಳ ಜಾಗದಲ್ಲಿ ಏನು ಬರೆಯಬೇಕು?

ಕೆರೆಯಂಗಳ:
ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು, ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಪರಿಸರ ವಿಜ್ಞಾನದ ಪದವಿ ಓದಬೇಕೆಂದು ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಪದವಿ ಅರ್ಜಿಗಳನ್ನು ಸ್ವೀಕರಿಸುವ ಸಂಸ್ಥೆಯಾದ ಯುಕಾಸ್ ಮೂಲಕ ಅರ್ಜಿ ಸಲ್ಲಿಸುತ್ತಿದ್ದೇನೆ. ಅದರ ಜೊತೆ ನಮ್ಮ ಬಗ್ಗೆ ನಾವೇ ಬರೆಯುವ ಹೇಳಿಕೆಯಾದ ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ 2026ರ ಪ್ರವೇಶದಿಂದ ಒಂದೇ ದೀರ್ಘ ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ. ಪ್ರತಿ ಉತ್ತರ ಕನಿಷ್ಠ 350 ಅಕ್ಷರ ಇರಬೇಕು, ಮೂರೂ ಸೇರಿ, ಪದಗಳ ನಡುವಿನ ಖಾಲಿ ಜಾಗವನ್ನೂ ಎಣಿಸಿ, 4,000 ಅಕ್ಷರ ದಾಟಬಾರದು.

ನನ್ನ ಕರಡು 3,978 ಅಕ್ಷರಕ್ಕೆ ಬಂದು ನಿಂತಿತ್ತು. ನಮ್ಮ ಕಾಲೇಜಿನ ಮೇಡಂ ಅದನ್ನು ಓದಿ, ‘ಐಯಾಮ್’, ‘ಡಿಡಂಟ್’, ‘ಐವ್’ ಎಂದು ಅಪಾಸ್ಟ್ರಫಿ ಹಾಕಿ ಕುಗ್ಗಿಸಿ ಬರೆದ ಕಡೆಯೆಲ್ಲ ಕೆಂಪು ಶಾಯಿಯಿಂದ ಸುತ್ತು ಹಾಕಿದರು. ‘ಕಿಡ್ಸ್’, ‘ಸ್ಟಫ್’, ‘ಸೂಪರ್ ಇಂಟರೆಸ್ಟಿಂಗ್’, ‘ಗಾಟ್ ಟು ನೋ’ ಎಂಬವುಗಳ ಕೆಳಗೂ ಗೆರೆ ಎಳೆದು, ಇದನ್ನೆಲ್ಲ ಫಾರ್ಮಲ್ ಮಾಡಿಕೊಂಡು ಬಾ ಎಂದರು. ಕುಗ್ಗಿಸಿದ ರೂಪಗಳು ಒಟ್ಟು 36 ಇದ್ದವು. ಅವನ್ನೆಲ್ಲ ಬಿಡಿಸಿ ಬರೆದಾಗ ಲೆಕ್ಕ 4,026ಕ್ಕೆ ಹೋಯಿತು. ಪರ್ಯಾಯ ಪದಗಳಿಗಾಗಿ ನಿಘಂಟು ನೋಡಿದರೆ ‘ಕಿಡ್ಸ್’ ಎಂಬುದಕ್ಕೆ ‘ಜುವೆನೈಲ್ಸ್’ ಎಂದೂ ‘ಸ್ಟಫ್’ ಎಂಬುದಕ್ಕೆ ‘ಪ್ಯಾರಫರ್ನೇಲಿಯ’ ಎಂದೂ ಇದೆ. ಅವನ್ನು ಹಾಕಿದರೆ ನನ್ನ ಮಾತು ನನ್ನದೇ ಅನ್ನಿಸುವುದಿಲ್ಲ. ತಿಳಿದವರು ದಾರಿ ತೋರಿಸಬೇಕು.

ಶಿರಸಿಯ ಓದುಗ:
ತಂಗಿ, ಇದು ಅಷ್ಟು ಕಷ್ಟದ ವಿಷಯವಲ್ಲ. ‘ಮಾಡ್ತೀನಿ’ ಎಂದು ಬರೆದಿದ್ದರೆ ‘ಮಾಡುತ್ತೇನೆ’ ಎನ್ನಿ, ‘ಹೋಗ್ಬೇಕು’ ಎಂದಿದ್ದರೆ ‘ಹೋಗಬೇಕು’ ಎನ್ನಿ, ‘ಬಂದ್ಬಿಟ್ಟೆ’ ಎಂದಿದ್ದರೆ ‘ಬಂದುಬಿಟ್ಟೆ’ ಎಂದು ಬರೆಯಬಹುದು, ಆದರೆ ‘ಬಂದೆ’ ಎಂದರೆ ಇನ್ನೂ ಚೆನ್ನ. ಅರ್ಜಿ ಬರೆಯುವಾಗ ಆಡುಮಾತನ್ನು ಬಿಡಿಸಿ ಬರೆಯುವುದನ್ನು ನಮಗೆ ಐದನೆಯ ತರಗತಿಯಲ್ಲೇ ಕಲಿಸಿದ್ದರು.

ಕೆರೆಯಂಗಳ:
ಸರ್, ನನ್ನ ಹೇಳಿಕೆ ಇಂಗ್ಲಿಷಿನಲ್ಲಿದೆ. ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕಿತ್ತು, ಕ್ಷಮಿಸಿ.

ಎಂಜಿನಿಯರ್ ತಂದೆ:
ನನ್ನ ಮಗ ಎರಡು ವರ್ಷದ ಹಿಂದೆ ಅಮೆರಿಕಕ್ಕೆ ಎಂ.ಎಸ್. ಓದಲು ಅರ್ಜಿ ಹಾಕಿದ್ದ, ಆದ್ದರಿಂದ ಅನುಭವದಿಂದ ಹೇಳುತ್ತೇನೆ. ಕುಗ್ಗಿಸಿದ ರೂಪ ಒಂದೂ ಇರಬಾರದು, ಇದಕ್ಕೆ ವಿನಾಯಿತಿ ಇಲ್ಲ. ವರ್ಡ್‌ನಲ್ಲಿ ಫೈಂಡ್ ಅಂಡ್ ರಿಪ್ಲೇಸ್ ತೆಗೆದು ‘ಐವ್’ ಇದ್ದಲ್ಲೆಲ್ಲ ‘ಐ ಹ್ಯಾವ್’, ‘ಇಟ್ಸ್’ ಇದ್ದಲ್ಲೆಲ್ಲ ‘ಇಟ್ ಈಸ್’, ‘ಐಡ್’ ಇದ್ದಲ್ಲೆಲ್ಲ ‘ಐ ವುಡ್’ ಎಂದು ಒಂದೇ ಬಾರಿಗೆ ಬದಲಿಸಿ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ‘ಎ ಲಾಟ್ ಆಫ್’ ಎಂಬುದಕ್ಕೆ ‘ಎ ಪ್ಲೆಥೊರಾ ಆಫ್’ ಎಂದೂ ‘ಯೂಸ್’ ಎಂಬುದಕ್ಕೆ ‘ಯೂಟಿಲೈಸ್’ ಎಂದೂ ಹಾಕಿದರೆ ಬರವಣಿಗೆಗೆ ಒಂದು ತೂಕ ಬರುತ್ತದೆ.

ಹಳೆಯ ಪ್ರೂಫ್‌ರೀಡರ್:
ತಂದೆಯವರು ಹೇಳಿದ ಮೊದಲ ಮಾತಿನಲ್ಲಿ ಅರ್ಧ ಸರಿಯಿದೆ. ಪದವಿ ಪ್ರವೇಶದ ಹೇಳಿಕೆಯಲ್ಲಿ ಬಿಡಿಸಿ ಬರೆಯುವುದೇ ಸುರಕ್ಷಿತ. ಆದರೆ ಒಂದೇ ಬಾರಿಗೆ ಬದಲಿಸುವ ಕೆಲಸವನ್ನು ದಯವಿಟ್ಟು ಮಾಡಬೇಡಿ. ನಾನು ಮೂವತ್ತು ವರ್ಷ ಇಂಗ್ಲಿಷ್ ಕರಡು ತಿದ್ದಿದವನು, ಆ ಒಂದು ಗುಂಡಿ ಒತ್ತಿ ಕೆಡಿಸಿದ ಪುಟಗಳನ್ನು ಬಹಳ ನೋಡಿದ್ದೇನೆ.

‘ಇಟ್ಸ್’ ಎಂಬುದನ್ನೇ ತೆಗೆದುಕೊಳ್ಳಿ. ಅದು ‘ಇಟ್ ಈಸ್’ ಆಗಿರಬಹುದು, ‘ಇಟ್ ಹ್ಯಾಸ್’ ಕೂಡ ಆಗಿರಬಹುದು. ‘ಇಟ್ಸ್ ಬೀನ್’ ಎಂದು ಬರೆದ ಕಡೆ ಯಂತ್ರ ‘ಇಟ್ ಈಸ್ ಬೀನ್’ ಎಂದು ಬದಲಿಸಿದರೆ ಸರಿಯಿದ್ದ ವಾಕ್ಯವೇ ತಪ್ಪಾಯಿತು. ‘ಐಡ್’ ಕೂಡ ಹಾಗೆಯೇ. ಮುಂದೆ ‘ಲೈಕ್’ ಬಂದರೆ ಅದು ‘ಐ ವುಡ್’, ಮುಂದೆ ‘ಸೀನ್’ ಅಥವಾ ‘ಡನ್’ ಬಂದರೆ ಅದು ‘ಐ ಹ್ಯಾಡ್’. ಮುಂದಿನ ಕ್ರಿಯಾಪದವನ್ನು ನೋಡದೆ ಇದನ್ನು ತೀರ್ಮಾನಿಸಲಾಗದು. ಅಪಾಸ್ಟ್ರಫಿ ಇಲ್ಲದ ‘ಇಟ್ಸ್’ ಎಂದರೆ ‘ಅದರ’ ಎಂದರ್ಥ, ಅದನ್ನು ಮುಟ್ಟಲೇಬಾರದು. ‘ಕೆರೆಯ ನೀರು’ ಎಂಬರ್ಥದಲ್ಲಿ ‘ಲೇಕ್ಸ್ ವಾಟರ್’ ಎಂದು ಬರೆದಲ್ಲಿ ಅಪಾಸ್ಟ್ರಫಿ ಷಷ್ಠಿ ವಿಭಕ್ತಿಯ ಗುರುತು, ಅದು ಕುಗ್ಗಿಸಿದ ರೂಪವಲ್ಲ. ಇನ್ನೊಂದು ಸಣ್ಣ ಮಾತು: ‘ಕಾಂಟ್’ ಎಂಬುದನ್ನು ಬಿಡಿಸಿದಾಗ ‘ಕ್ಯಾನಾಟ್’ ಒಂದೇ ಪದ, ನಡುವೆ ಜಾಗ ಬಿಡುವುದಿಲ್ಲ. ‘ಡು ನಾಟ್’, ‘ಡಿಡ್ ನಾಟ್’ ಎರಡೆರಡು ಪದ.

ಆದ್ದರಿಂದ ಅಪಾಸ್ಟ್ರಫಿಯನ್ನು ಹುಡುಕಿಸಿ, ಒಂದೊಂದರ ಮೇಲೂ ನಿಂತು, ಇಡೀ ವಾಕ್ಯವನ್ನು ಬಾಯಿಬಿಟ್ಟು ಓದಿ, ಆಮೇಲೆ ಕೈಯಿಂದ ಬದಲಿಸಿ. 36 ಇದ್ದರೆ ಅರ್ಧ ಗಂಟೆಯ ಕೆಲಸ.

ಎಂಜಿನಿಯರ್ ತಂದೆ:
‘ಇಟ್ ಹ್ಯಾಸ್’ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ‘ಪ್ಲೆಥೊರಾ’ದಲ್ಲಿ ಏನು ತಪ್ಪು? ನಾವು ಹಣ ಕೊಟ್ಟು ತೋರಿಸಿದ ಸಲಹಾ ಕೇಂದ್ರದವರೇ ಹಾಕಿಕೊಟ್ಟ ಪದ ಅದು.

ಲೀಡ್ಸ್ ಕನ್ನಡಿಗ:
ತಂದೆಯವರೇ, ಆಡುಮಾತಿನ ಪದವನ್ನು ತೆಗೆದು ಭಾರದ ಪದವನ್ನು ಕೂರಿಸಿದರೆ ಒಂದು ದೋಷ ಹೋಗಿ ಇನ್ನೊಂದು ಬಂದು ಕುಳಿತಂತೆ. ‘ಪ್ಲೆಥೊರಾ’ ಎಂದರೆ ಮೂಲತಃ ಬೇಕಾದುದಕ್ಕಿಂತ ಹೆಚ್ಚು ಎಂಬ ಧ್ವನಿ, ಸುಮ್ಮನೆ ‘ಬಹಳ’ ಎಂದಲ್ಲ. ‘ಯೂಸ್’ ಆಡುಮಾತೇ ಅಲ್ಲ, ಅದು ಎಲ್ಲ ಕಡೆ ಸಲ್ಲುವ ಪದ, ಅದನ್ನು ಬದಲಿಸುವ ಅಗತ್ಯವೇ ಇಲ್ಲ. ‘ಜುವೆನೈಲ್ಸ್’ ಎಂದರೆ ಇಲ್ಲಿನವರಿಗೆ ಬಾಲಾಪರಾಧಿಗಳ ನ್ಯಾಯಾಲಯ ನೆನಪಾಗುತ್ತದೆ. ಶಾಲೆಯ ಮಕ್ಕಳಾದರೆ ‘ಪ್ಯೂಪಿಲ್ಸ್’ ಎಂದು ಬರೆಯಿರಿ, ಶಾಲೆಯ ಮಾತಿಲ್ಲದಿದ್ದರೆ ‘ಚಿಲ್ಡ್ರನ್’ ಸಾಕು.

ಕೆರೆಯಂಗಳ ಅವರೇ, ನಿಮ್ಮ ಮೇಡಂ ಗೆರೆ ಎಳೆಯದ ಪದಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. ನಮ್ಮ ಕಡೆ ಎಷ್ಟು ಬಳಕೆಯಲ್ಲಿದೆ ಎಂದರೆ ಅದು ಆಡುಮಾತೆಂದು ನಮಗೇ ತೋರದ ಇಂಗ್ಲಿಷ್ ಒಂದಿದೆ. ಹತ್ತನೆಯ ತರಗತಿ ಮುಗಿಸಿದ್ದನ್ನು ‘ಪಾಸ್ಡ್ ಔಟ್’ ಎಂದು ಬರೆದಿದ್ದೀರಾ ನೋಡಿಕೊಳ್ಳಿ. ಸೈನಿಕ ತರಬೇತಿ ಮುಗಿಸಿದವರ ವಿಷಯದಲ್ಲಿ ಇಲ್ಲಿಯೂ ಆ ಮಾತುಂಟು, ಉಳಿದವರ ವಿಷಯದಲ್ಲಿ ಅದಕ್ಕೆ ಪ್ರಜ್ಞೆ ತಪ್ಪಿ ಬಿದ್ದರು ಎಂದೇ ಅರ್ಥ. ‘ಡೌಟ್ಸ್ ಕೇಳಿದೆ’ ಎಂದು ಬರೆದರೆ, ನಿಮಗೆ ವಿಷಯದ ಮೇಲೆ ನಂಬಿಕೆಯಿರಲಿಲ್ಲ ಎಂದು ಓದುವವರಿಗೆ ಅನ್ನಿಸಬಹುದು, ಅಲ್ಲಿ ‘ಕ್ವೆಶ್ಚನ್ಸ್’ ಎನ್ನಬೇಕು. ‘ಮಗ್ ಅಪ್’ ಇದ್ದರೆ ‘ಮೆಮೊರೈಸ್’ ಎನ್ನಿ. ‘ಪಿಯುಸಿ’ ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ, ಮೊದಲ ಬಾರಿ ಬರುವಾಗ 11 ಮತ್ತು 12ನೆಯ ತರಗತಿ ಎಂದು ಅದೇ ವಾಕ್ಯದಲ್ಲಿ ತಿಳಿಯುವಂತೆ ಬರೆಯಿರಿ.

ಎಂಜಿನಿಯರ್ ತಂದೆ:
‘ಪಾಸ್ಡ್ ಔಟ್’ ಬದಲು ‘ಗ್ರಾಜುಯೇಟೆಡ್’ ಎಂದರೆ ಆಯಿತಲ್ಲ.

ಲೀಡ್ಸ್ ಕನ್ನಡಿಗ:
ಅಮೆರಿಕದಲ್ಲಿ ಹೈಸ್ಕೂಲಿಗೂ ಆ ಪದ ಸಲ್ಲುತ್ತದೆ. ಬ್ರಿಟನ್ನಿನಲ್ಲಿ ಅದು ವಿಶ್ವವಿದ್ಯಾಲಯದ ಪದವಿಯ ಮಾತು. ಇವರ ಅರ್ಜಿ ಬ್ರಿಟನ್ನಿಗೆ ಆದ್ದರಿಂದ ‘ಕಂಪ್ಲೀಟೆಡ್’ ಒಳ್ಳೆಯದು.

ಕೆರೆಯಂಗಳ:
ಮೂರು ಕಡೆ ‘ಡೌಟ್ಸ್’ ಸಿಕ್ಕಿತು, ಒಂದು ಕಡೆ ‘ಪಾಸ್ಡ್ ಔಟ್’ ಇತ್ತು. ಎರಡನ್ನೂ ಸರಿಪಡಿಸಿ, ಅದರಿಂದ ಏರಿದ ಅಕ್ಷರಗಳನ್ನು ಅದೇ ವಾಕ್ಯಗಳಲ್ಲಿ ಸಣ್ಣಪುಟ್ಟದ್ದನ್ನು ಕಳೆದು ಸರಿದೂಗಿಸಿದ್ದೇನೆ. ಆದರೆ 4,026ರಿಂದ 26 ಅಕ್ಷರ ಇಳಿಸುವುದು ಹಾಗೆಯೇ ಉಳಿದಿದೆ. ನಾಲ್ಕಾರು ಕಡೆ ‘ಐಯಾಮ್’ ಎಂದೇ ಬಿಟ್ಟರೆ ತಪ್ಪಾಗುತ್ತದೆಯೇ?

ಇಂಗ್ಲಿಷ್ ಉಪನ್ಯಾಸಕಿ:
ಕುಗ್ಗಿಸಿದ ರೂಪವಿದೆ ಎಂಬ ಕಾರಣಕ್ಕೆ ಅರ್ಜಿಯನ್ನು ಬದಿಗಿಡುವ ನಿಯಮವೇನೂ ಇಲ್ಲ. ಆದರೆ ಒಂದು ಕಡೆ ‘ಐಯಾಮ್’, ಮುಂದಿನ ಸಾಲಿನಲ್ಲೇ ‘ಐ ಆಮ್’ ಎಂದಿದ್ದರೆ ಗಮನವಿಟ್ಟು ತಿದ್ದಿಲ್ಲ ಎಂಬುದು ಎದ್ದು ಕಾಣುತ್ತದೆ. ಜಾಗ ಸಾಲದೆಂದು ಅಲ್ಲಲ್ಲಿ ಕುಗ್ಗಿಸುವುದು ಬೇಡ. ಜಾಗವನ್ನು ಬೇರೆ ಕಡೆ ಹುಡುಕೋಣ.

ಬಿಡಿಸಿದ್ದರಿಂದ ನೀವು ಕಳೆದುಕೊಂಡದ್ದು ಎಷ್ಟೆಂದು ಮೊದಲು ನೋಡಿ. ‘ಐಯಾಮ್’, ‘ಡಿಡಂಟ್’ ಬಿಡಿಸಿದರೆ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹೆಚ್ಚುತ್ತದೆ, ‘ಐವ್’ ಬಿಡಿಸಿದರೆ ಎರಡು. ನಿಮ್ಮ 36 ರೂಪಗಳಿಗೆ ತಗುಲಿದ್ದು ಒಟ್ಟು 48 ಅಕ್ಷರ ಮಾತ್ರ. ಆಡುಮಾತು ಹಾಗಲ್ಲ, ಅದು ಒಂದು ವಿಷಯಕ್ಕೆ ನಾಲ್ಕು ಪದ ತಿನ್ನುತ್ತದೆ. ಗೆರೆ ಎಳೆದ ಆ ನಾಲ್ಕೈದು ಸಾಲುಗಳನ್ನು ಇಲ್ಲಿ ಹಾಕುತ್ತೀರಾ?

ಕೆರೆಯಂಗಳ:
ಮೇಡಂ, ಎರಡನೆಯ ಉತ್ತರದ ಒಂದು ಭಾಗ ಹೀಗಿದೆ, ಅರ್ಥವನ್ನು ಕನ್ನಡದಲ್ಲಿ ಹೇಳುತ್ತೇನೆ. ನಮ್ಮೂರ ಸರ್ಕಾರಿ ಶಾಲೆಯ ‘ಎ ಬಂಚ್ ಆಫ್ ಕಿಡ್ಸ್’ ಜೊತೆ ಕೆರೆಯಲ್ಲಿ ‘ಸಮ್ ಸ್ಟಫ್’ ಮಾಡಿದೆ, ನೀರಿನ ಬಗ್ಗೆ ಏನೇನೋ ‘ಗಾಟ್ ಟು ನೋ ಅಬೌಟ್’, ‘ಎ ಲಾಟ್ ಆಫ್’ ಬದಲಾವಣೆಗಳು ಕಂಡವು, ಅದು ‘ರಿಯಲೀ’ ಮುಖ್ಯವಾದ ಅನುಭವ, ‘ಸೂಪರ್ ಇಂಟರೆಸ್ಟಿಂಗ್’ ಆಗಿತ್ತು.

ಇಂಗ್ಲಿಷ್ ಉಪನ್ಯಾಸಕಿ:
ಆ ಮಕ್ಕಳು ಎಷ್ಟು ಜನ?

ಕೆರೆಯಂಗಳ:
ಹದಿನಾಲ್ಕು ಜನ, ಏಳನೆಯ ತರಗತಿಯವರು.

ಇಂಗ್ಲಿಷ್ ಉಪನ್ಯಾಸಕಿ:
ಹಾಗಾದರೆ ‘ಎ ಬಂಚ್ ಆಫ್ ಕಿಡ್ಸ್’ ತೆಗೆದು ಅಂಕಿಯಲ್ಲಿ ‘14 ಪ್ಯೂಪಿಲ್ಸ್’ ಎಂದು ಬರೆಯಿರಿ. 15 ಅಕ್ಷರದ ಜಾಗದಲ್ಲಿ 9 ಬಂತು, ಆರು ಉಳಿಯಿತು. ‘ಗಾಟ್ ಟು ನೋ ಅಬೌಟ್’ 17 ಅಕ್ಷರ, ‘ಲರ್ನ್ಡ್’ ಎಂದರೆ 7, ಅಲ್ಲಿ ಹತ್ತು ಉಳಿಯಿತು. ‘ಎ ಲಾಟ್ ಆಫ್’ ಇದ್ದಲ್ಲಿ ‘ಮೆನಿ’ ಎಂದರೆ ನಾಲ್ಕು. ‘ರಿಯಲೀ’ ಎಂಬುದನ್ನು ಸುಮ್ಮನೆ ಅಳಿಸಿದರೆ ಅದರ ಪಕ್ಕದ ಖಾಲಿ ಜಾಗವೂ ಸೇರಿ ಏಳು. ಒಟ್ಟು 27 ಅಕ್ಷರ ಉಳಿಯಿತು, ನೀವು 3,999ರಲ್ಲಿದ್ದೀರಿ. ಹೀಗಿರುವಾಗ ಯಾವ ‘ಐಯಾಮ್’ ಅನ್ನೂ ಕುಗ್ಗಿಸಬೇಕಾಗಿಲ್ಲ.

ಹಳೆಯ ಪ್ರೂಫ್‌ರೀಡರ್:
ಲೆಕ್ಕ ಸರಿಯಾಗಿದೆ. ಆದರೆ ‘ಸಮ್ ಸ್ಟಫ್’ ಮತ್ತು ‘ಸೂಪರ್ ಇಂಟರೆಸ್ಟಿಂಗ್’ ಇನ್ನೂ ಹಾಗೆಯೇ ಇವೆ. ಇವೆರಡಕ್ಕೆ ನಿಘಂಟಿನಲ್ಲಿ ಪರ್ಯಾಯ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಇವು ಏನನ್ನೂ ಹೇಳದೆ ತಪ್ಪಿಸಿಕೊಂಡ ಪದಗಳು. ‘ಸಮ್ ಸ್ಟಫ್’ ಎಂಬುದನ್ನು ‘ಸರ್ಟನ್ ಆ್ಯಕ್ಟಿವಿಟೀಸ್’ ಎಂದು ಮಾಡಿದರೆ ಪದ ಗಂಭೀರವಾಯಿತು, ನೀವು ಕೆರೆಯಲ್ಲಿ ಏನು ಮಾಡಿದಿರಿ ಎಂಬುದು ನನಗೆ ಈಗಲೂ ಗೊತ್ತಾಗಲಿಲ್ಲ. ಏನು ಮಾಡಿದಿರಿ, ಏನು ಕಂಡು ನಿಮಗೆ ಅದು ಅಷ್ಟು ಹಿಡಿಸಿತು, ಸ್ವಲ್ಪ ಹೇಳಿ. ಇಲ್ಲಿ ಕನ್ನಡದಲ್ಲೇ ಹೇಳಿ, ಇಂಗ್ಲಿಷ್ ಆಮೇಲೆ ನೋಡೋಣ.

ಕೆರೆಯಂಗಳ:
ಹನ್ನೊಂದು ಶನಿವಾರ ನಾವು ಬೆಳಿಗ್ಗೆ ಏಳಕ್ಕೂ ಸಂಜೆ ನಾಲ್ಕಕ್ಕೂ ಒಂದೇ ಕಲ್ಲಿನ ಮೇಲೆ ನಿಂತು, ಬಣ್ಣ ಬದಲಿಸುವ ಕಾಗದದ ಪಟ್ಟಿಯಿಂದ ನೀರಿನ ಪಿಎಚ್ ಅಳೆದೆವು. ಬೆಳಿಗ್ಗೆ ಸುಮಾರು 7.5 ಇರುತ್ತಿದ್ದುದು ಸಂಜೆಗೆ 9ರ ಹತ್ತಿರ ಹೋಗುತ್ತಿತ್ತು. ಮೊದಲ ವಾರ ಪಟ್ಟಿಯೇ ಹಾಳಾಗಿದೆ ಎಂದುಕೊಂಡು ಹೊಸ ಡಬ್ಬಿ ತರಿಸಿದೆ, ಆಗಲೂ ಹಾಗೆಯೇ ಬಂತು. ಆಮೇಲೆ ಓದಿದಾಗ ತಿಳಿಯಿತು, ಕೆರೆಯ ತುಂಬ ಹಸಿರು ಪಾಚಿಯಿದೆ, ಅದು ಹಗಲಿನಲ್ಲಿ ಬಿಸಿಲಿಗೆ ಆಹಾರ ತಯಾರಿಸುತ್ತ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಅದರಿಂದ ನೀರಿನ ಆಮ್ಲೀಯತೆ ಇಳಿದು ಪಿಎಚ್ ಏರುತ್ತದೆ. ಮಕ್ಕಳಲ್ಲಿ ಒಬ್ಬಳು ಮೋಡ ಕವಿದ ದಿನ ಏರಿಕೆ ಕಡಿಮೆ ಎಂದು ತಾನಾಗಿಯೇ ಗುರುತಿಸಿದಳು.

ಹಳೆಯ ಪ್ರೂಫ್‌ರೀಡರ್:
ಅಮ್ಮಾ, ಇದೇ ನಿನ್ನ ‘ಸೂಪರ್ ಇಂಟರೆಸ್ಟಿಂಗ್’ ಎಂಬುದರ ಫಾರ್ಮಲ್ ರೂಪ. ಏಳು ಗಂಟೆ, ನಾಲ್ಕು ಗಂಟೆ, ಎರಡು ಅಂಕಿ, ಹೊಸ ಡಬ್ಬಿ, ಮೋಡದ ದಿನ. ಇದನ್ನು ಬರೆದ ಮೇಲೆ ಆಸಕ್ತಿದಾಯಕ ಎಂಬ ಪದವೇ ಬೇಡ. ‘ಮೆನಿ’ ಎಂದು ಮೇಡಂ ಹೇಳಿದ ಜಾಗದಲ್ಲೂ ಈಗ ನಿನ್ನ ಅಂಕಿಗಳೇ ಕೂರುತ್ತವೆ.

ಕೆರೆಯಂಗಳ:
ಆದರೆ ಇದನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದೆ, ಸುಮಾರು 230 ಅಕ್ಷರ ಹೆಚ್ಚಾಗುತ್ತದೆ. ನನ್ನ ಬಳಿ ಇರುವುದು ಒಂದೇ ಒಂದು ಅಕ್ಷರ.

ಲೀಡ್ಸ್ ಕನ್ನಡಿಗ:
ಮೊದಲ ಉತ್ತರ ಹೇಗೆ ಆರಂಭವಾಗುತ್ತದೆ?

ಕೆರೆಯಂಗಳ:
ಒಬ್ಬ ಪ್ರಸಿದ್ಧ ವ್ಯಕ್ತಿಯ ಸೂಕ್ತಿಯಿಂದ. ಅದಾದ ಮೇಲೆ, ಬಾಲ್ಯದಿಂದಲೂ ನನಗೆ ಪ್ರಕೃತಿಯ ಮೇಲೆ ಪ್ರೀತಿ ಎಂಬ ಸಾಲು, ನಾನು ಹಾಸನ ಜಿಲ್ಲೆಯವಳು ಎಂದು ಹೇಳುವ ‘ಐ ಹೇಲ್ ಫ್ರಮ್’ ಎಂಬ ಸಾಲು.

ಲೀಡ್ಸ್ ಕನ್ನಡಿಗ:
ಮೂರನ್ನೂ ತೆಗೆಯಿರಿ. ಸೂಕ್ತಿ ಬೇರೆಯವರ ಮಾತು, ನಿಮ್ಮ ಬಗ್ಗೆ ಏನೂ ಹೇಳುವುದಿಲ್ಲ. ಬಾಲ್ಯದ ಪ್ರೀತಿಯ ಸಾಲು ಅಸಂಖ್ಯ ಅರ್ಜಿಗಳಲ್ಲಿ ಇರುತ್ತದೆ. ‘ಹೇಲ್ ಫ್ರಮ್’ ನಮ್ಮವರ ಹೇಳಿಕೆಗಳಲ್ಲಿ ತಪ್ಪದೆ ಬರುವ ಮಾತು. ಅದು ಗಂಭೀರವೆಂದು ನಮಗೆ ತೋರುತ್ತದೆ, ಓದುವವರಿಗೆ ಹಳೆಯ ಶೈಲಿ ಅನ್ನಿಸುತ್ತದೆ. ಊರಿನ ವಿಷಯ ಕೆರೆಯ ಸಾಲಿನಲ್ಲೇ ಬರುತ್ತದೆ.

ಎಂಜಿನಿಯರ್ ತಂದೆ:
ಇದನ್ನು ಓದುತ್ತ ನನಗೆ ಬೇಸರವಾಯಿತು ಎಂದು ಒಪ್ಪಿಕೊಳ್ಳಬೇಕು. ನನ್ನ ಮಗನ ಹೇಳಿಕೆಯನ್ನು ಸಲಹಾ ಕೇಂದ್ರದವರು ಬದಲಿಸಿ ಕೊಟ್ಟ ಮೇಲೆ, ಶಿಫಾರಸು ಪತ್ರ ಬರೆಯಬೇಕಿದ್ದ ಅವನ ಪ್ರಾಧ್ಯಾಪಕರು ಓದಿ, ಇದನ್ನು ಬರೆದವರು ಯಾರು ಎಂದು ಕೇಳಿದ್ದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡಿದ್ದೆ. ಮಗ ತನ್ನ ಮೊದಲ ಕರಡಿನಲ್ಲಿ ಸುಟ್ಟುಹೋದ ಮೋಟಾರನ್ನು ಬಿಚ್ಚಿ ಸುರುಳಿಯನ್ನು ಮೂರು ಬಾರಿ ಸುತ್ತಿದ್ದನ್ನು ಬರೆದಿದ್ದ. ಅದು ‘ಗೇನ್ಡ್ ಎ ಪ್ಲೆಥೊರಾ ಆಫ್ ಹ್ಯಾಂಡ್ಸ್ ಆನ್ ಎಕ್ಸ್‌ಪೀರಿಯೆನ್ಸ್’ ಎಂದಾಗಿತ್ತು. ಆ ಮೊದಲ ಕರಡು ನನ್ನ ಹತ್ತಿರ ಈಗಲೂ ಇದೆ.

ಒಂದು ಪ್ರಶ್ನೆ ಇದೆ. ನನ್ನ ತಮ್ಮನ ಮಗಳು ಅಮೆರಿಕದ ಪದವಿ ಕಾಲೇಜುಗಳಿಗೆ, ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಲ್ಲುವ ಕಾಮನ್ ಆ್ಯಪ್ ಮೂಲಕ ಅರ್ಜಿ ಹಾಕುತ್ತಿದ್ದಾಳೆ. ಅಲ್ಲಿಯೂ ಇದೇ ನಿಯಮವೇ?

ಇಂಗ್ಲಿಷ್ ಉಪನ್ಯಾಸಕಿ:
ಅಲ್ಲಿ ಬೇರೆ. ಕಾಮನ್ ಆ್ಯಪ್ ಪ್ರಬಂಧಕ್ಕೆ 250ರಿಂದ 650 ಪದಗಳ ಮಿತಿ, ಅಕ್ಷರದ ಲೆಕ್ಕವಲ್ಲ. ‘ಡಿಡಂಟ್’ ಒಂದು ಪದ, ‘ಡಿಡ್ ನಾಟ್’ ಎರಡು, ಆದ್ದರಿಂದ ಬಿಡಿಸಿದರೆ ಅಲ್ಲಿ ಪ್ರತಿ ಬಾರಿ ಒಂದು ಪೂರ್ತಿ ಪದವೇ ಖರ್ಚಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಹುಡುಗಿ ತನ್ನ ಕಥೆಯನ್ನು ತಾನೇ ಹೇಳುವ ಪ್ರಬಂಧ, ‘ಡಿಡಂಟ್’ ಅಲ್ಲಿ ಸಹಜವಾಗಿ ಕೇಳಿಸುತ್ತದೆ. ‘ಗಾನಾ’, ‘ವಾನಾ’, ‘ಕೈಂಡಾ’ ಮಾತ್ರ ಅಲ್ಲಿಯೂ ಬೇಡ. ನಿಮ್ಮ ಮಗ ಬರೆದದ್ದು ಸ್ನಾತಕೋತ್ತರ ಅರ್ಜಿಯ ಉದ್ದೇಶ ಪತ್ರ, ಅದಕ್ಕೆ ಬಿಡಿಸಿ ಬರೆಯುವುದೇ ವಾಡಿಕೆ.

ಕೆರೆಯಂಗಳ:
ಸೂಕ್ತಿಯೂ ಉಳಿದೆರಡು ಸಾಲುಗಳೂ ಹೋದವು, 260 ಅಕ್ಷರ ಸಿಕ್ಕಿತು. ಪಿಎಚ್ ವಿಷಯ ಪೂರ್ತಿ ಹಿಡಿಸಿತು. ಈಗ ಒಂದೇ ಒಂದು ಅಪಾಸ್ಟ್ರಫಿ ತಲೆ ಕೊರೆಯುತ್ತಿದೆ. ಕೆರೆಯಲ್ಲಿ ಮೀನು ಹಿಡಿಯುವ ತಾತ ಒಬ್ಬರು ಮೊದಲ ದಿನ ನನಗೆ, “ನೀರು ಸತ್ತೋಗೈತೆ ಕಣವ್ವಾ” ಎಂದಿದ್ದರು. ಅದನ್ನು ಇಂಗ್ಲಿಷಿನಲ್ಲಿ ‘ದ ವಾಟರ್ಸ್ ಡೆಡ್’ ಎಂದು ಕುಗ್ಗಿಸಿ, ಅವರ ಮಾತಾಗಿ ಉದ್ಧರಣೆಯಲ್ಲಿ ಹಾಕಿದ್ದೇನೆ. ಇದನ್ನೂ ಬಿಡಿಸಬೇಕೆ?

ಹಳೆಯ ಪ್ರೂಫ್‌ರೀಡರ್:
ಬಿಡಿಸಬೇಡ. ಉದ್ಧರಣೆಯೊಳಗಿನ ಮಾತು ಆಡಿದವರದು, ಅದನ್ನು ತಿದ್ದುವ ಹಕ್ಕು ನಮಗಿಲ್ಲ. ಆ ತಾತ ‘ಸತ್ತು ಹೋಗಿದೆ’ ಎನ್ನಲಿಲ್ಲ, ‘ಸತ್ತೋಗೈತೆ’ ಎಂದರು.

ಇಂಗ್ಲಿಷ್ ಉಪನ್ಯಾಸಕಿ:
ಇಲ್ಲಿ ನಾನು ಒಪ್ಪುವುದಿಲ್ಲ. ತಾತ ಇಂಗ್ಲಿಷ್ ಆಡಿಲ್ಲ, ಅನುವಾದ ಈ ಹುಡುಗಿಯದು, ಅಪಾಸ್ಟ್ರಫಿಯೂ ಇವಳೇ ಹಾಕಿದ್ದು. ‘ದ ವಾಟರ್ ಈಸ್ ಡೆಡ್’ ಎಂದು ನಿಧಾನವಾಗಿ ಹೇಳಿದರೆ ಆ ಮಾತಿನ ಭಾರ ಹೆಚ್ಚು ಕೇಳಿಸುತ್ತದೆ. ಅದಕ್ಕೆ ತಗುಲುವುದು ಒಂದು ಅಕ್ಷರ ಮಾತ್ರ.

ಶಿರಸಿಯ ಓದುಗ:
ನಾನು ಮೊದಲು ಪ್ರಶ್ನೆಯನ್ನು ತಪ್ಪಾಗಿ ತಿಳಿದಿದ್ದೆ. ಆದರೆ ಈ ವಿಷಯದಲ್ಲಿ ಒಂದು ಮಾತು ಹೇಳಬಹುದು ಎನ್ನಿಸುತ್ತದೆ. ‘ಸತ್ತೋಗೈತೆ’ ಎಂಬುದರಲ್ಲಿ ಅವಸರವಿಲ್ಲ, ನಮ್ಮ ಹಿರಿಯರು ಅದನ್ನು ಎಳೆದು, ನಿಟ್ಟುಸಿರಿನೊಡನೆ ಹೇಳುತ್ತಾರೆ. ಕನ್ನಡದಲ್ಲಿ ಕುಗ್ಗಿಸಿದ ಪದ ಇಂಗ್ಲಿಷಿನಲ್ಲಿಯೂ ಕುಗ್ಗಿದ ಪದವೇ ಆಗಬೇಕೆಂದಿಲ್ಲ.

ಹಳೆಯ ಪ್ರೂಫ್‌ರೀಡರ್:
ಶಿರಸಿಯವರ ಮಾತನ್ನು ಯೋಚಿಸಬೇಕು. ಆದರೂ ಒಬ್ಬ ಮೀನುಗಾರ ತಾತನ ಬಾಯಲ್ಲಿ ಪುಸ್ತಕದ ಇಂಗ್ಲಿಷ್ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಕೆರೆಯಂಗಳ:
ಎರಡನ್ನೂ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಶನಿವಾರ ಕೆರೆಗೆ ಹೋದಾಗ ತಾತ ಸಿಕ್ಕರೆ, ಅವರು ಆ ಮಾತನ್ನು ಹೇಗೆ ಹೇಳುತ್ತಾರೆಂದು ಇನ್ನೊಮ್ಮೆ ಕೇಳಿಸಿಕೊಂಡು ಬಂದು ಬರೆಯುತ್ತೇನೆ. ಅರ್ಜಿಗೆ ಇನ್ನೂ ಒಂಬತ್ತು ದಿನ ಇದೆ.